ಕೊನೆ ಸ್ಲೈಡಿನಲ್ಲಿ ಕೇಳಿದ್ದು ಏರಿಯೇಟರ್ ಅಲ್ಲ, ಒಂದು ಟಿಕ್

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯವರು ಕಳಿಸಿದ ಪಿಪಿಟಿ ಚೆನ್ನಾಗೇ ಇತ್ತು. 2024ರ ಬೇಸಿಗೆ ನೆನಪಿದೆಯಲ್ವಾ? ಬೆಂಗಳೂರಿನ ಉತ್ತರಹಳ್ಳಿ ಆಚೆ ಇರೋ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಕೈಕೊಟ್ಟಿತ್ತು, ಟ್ಯಾಂಕರ್ ಬಿಲ್ ಏರುತ್ತಲೇ ಇತ್ತು, ಅದರ ಜೊತೆಗೆ ನಲ್ಲಿಗಳ ಬಾಯಿಗೆ ನೀರಿನ ಹರಿವು ತಗ್ಗಿಸೋ ಏರಿಯೇಟರ್ ಹಾಕಿಸಿ ಅಂತ ಜಲಮಂಡಳಿಯ ಆದೇಶ ಬೇರೆ. ಭಾನುವಾರ ಸಂಜೆ ಕ್ಲಬ್‌ಹೌಸ್‌ನಲ್ಲಿ ಎಲ್ಲರನ್ನೂ ಸೇರಿಸಿ ವಿಷಯ ಹೇಳಬೇಕು ಅನ್ನೋದು ಅವರ ಯೋಚನೆ. "ಆಫೀಸಲ್ಲಿ ದಿನಾ ಸ್ಲೈಡ್ ಮಾಡ್ತೀರಲ್ಲ, ಒಂದ್ಸಲ ಕಣ್ಣಾಡಿಸಿ ಕೊಡಿ" ಅಂದರು.

ಬೋರ್‌ವೆಲ್ಲಿನ ಲೆಕ್ಕ, ಟ್ಯಾಂಕರ್ ಖರ್ಚಿನ ಚಾರ್ಟ್, ಎಲ್ಲ ಸರಿಯಾಗಿತ್ತು. ಎಡವಟ್ಟು ಇದ್ದದ್ದು ಕೊನೆಯಲ್ಲಿ. ಎರಡು ಕೈ ನಡುವೆ ನೀರಿನ ಹನಿ ಇರೋ ಚಿತ್ರ, ಮೇಲೆ 'ನೀರು ಉಳಿಸೋಣ ಬನ್ನಿ', ಕೆಳಗೆ ಐದು ಸಾಲು: ಏರಿಯೇಟರ್ ಹಾಕಿಸಿ, ಸೋರುವ ಫ್ಲಶ್ ರಿಪೇರಿ ಮಾಡಿಸಿ, ಆರ್‌ಓ ನೀರು ಚೆಲ್ಲಬೇಡಿ, ಮಳೆನೀರು ಕೊಯ್ಲಿಗೆ ಸಹಕರಿಸಿ, ವಾಟರ್ ಮೀಟರ್ ಬಗ್ಗೆ ಅಭಿಪ್ರಾಯ ತಿಳಿಸಿ. ಮೂಲೆಯಲ್ಲೊಂದು ಪುಟ್ಟ ಕ್ಯೂಆರ್ ಕೋಡ್. ಅದಾದ ಮೇಲೆ ಇನ್ನೊಂದು ಸ್ಲೈಡಿನ ತುಂಬ 'ಧನ್ಯವಾದಗಳು', ಗುಲಾಬಿ ಹೂವಿನ ಜೊತೆ.

ಐದರಲ್ಲಿ ಯಾವುದೂ ತಪ್ಪಲ್ಲ. ಆದರೆ ಯಾವುದೂ ಇವತ್ತು ಸಂಜೆ ಮಾಡೋ ಕೆಲಸ ಅಲ್ಲ. ಐದನ್ನೂ ಒಟ್ಟಿಗೆ ಕೇಳಿಸಿಕೊಂಡವರು ತಲೆಯಾಡಿಸಿ, ಬೋಂಡಾ ತಿಂದು, ಲಿಫ್ಟ್ ಹತ್ತುತ್ತಾರೆ.

ಹಾಗಾಗಿ ಡಿಸೈನ್ ಮುಟ್ಟೋಕೆ ಮುಂಚೆ ಅವರನ್ನೇ ಕೇಳಿದೆ: "ಸಭೆ ಮುಗಿದ ಮೇಲೆ ಜನ ಯಾವ ಒಂದು ಕೆಲಸ ಮಾಡಿದ್ರೆ ನಿಮಗೆ ಸಮಾಧಾನ?"

"ಏರಿಯೇಟರ್ ಹಾಕಿಸ್ಕೊಂಡ್ರೆ ಸಾಕಪ್ಪ."

"ಹಾಕೋರು ಯಾರು?"

"ನಮ್ಮ ಪ್ಲಂಬರ್‌ಗೇ ಹೇಳಿದೀವಿ. ದುಡ್ಡೂ ಸಂಘದ್ದೇ."

"ಮತ್ತೆ ತೊಂದರೆ ಏನು?"

"ಮನೇಲಿ ಜನ ಸಿಗಲ್ಲ ಕಣ್ರೀ. ಹೋದಾಗೆಲ್ಲ ಬೀಗ. ಇಲ್ಲಾಂದ್ರೆ ಇವತ್ತು ಬೇಡ, ಆಮೇಲೆ ಬಾ ಅಂತಾರೆ."

ವಿಷಯ ಇಲ್ಲಿತ್ತು. ಕೇಳಬೇಕಾದದ್ದು ಏರಿಯೇಟರನ್ನೇ ಅಲ್ಲ, ಒಂದು ದಿನವನ್ನು. ನಿವಾಸಿ ನಲ್ಲಿ ಬಿಚ್ಚಬೇಕಿಲ್ಲ, ಅಂಗಡಿಗೆ ಹೋಗಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ. ಪ್ಲಂಬರ್ ಬಂದಾಗ ಬಾಗಿಲು ತೆಗೆದರೆ ಆಯಿತು. ಹಾಗಾದರೆ ಮುಂದಿನ ಹೆಜ್ಜೆ ಏನು? ಯಾವ ದಿನ ಮನೆಯಲ್ಲಿರ್ತೀನಿ ಅಂತ ಹೇಳೋದು. ಕೂತ ಜಾಗದಿಂದ ಎದ್ದು ಬಾಗಿಲು ದಾಟುವಷ್ಟರಲ್ಲಿ ಮುಗಿಸಬಹುದಾದ ಕೆಲಸ. ಕೊನೆ ಸ್ಲೈಡಿಗೆ ನಾನು ಹುಡುಕೋದು ಯಾವಾಗಲೂ ಇಂಥದ್ದನ್ನೇ. ಅಂತಿಮ ಗುರಿಯನ್ನಲ್ಲ, ಆ ಗುರಿಯ ಕಡೆ ಹೋಗೋ ದಾರಿಯಲ್ಲಿ ಜನ ನಿಂತುಬಿಡೋ ಮೊದಲ ಜಾಗವನ್ನು.

ಇದಕ್ಕೆ ಹಳೆಯದೊಂದು ಪ್ರಯೋಗದ ಆಧಾರ ಇದೆ. 1965ರಲ್ಲಿ ಮನಶ್ಶಾಸ್ತ್ರಜ್ಞ ಹೊವಾರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯು ಬಗ್ಗೆ ಕಿರುಪುಸ್ತಕ ಕೊಟ್ಟು, ಯಾರು ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾರೆ ಅಂತ ನೋಡಿದರು. ಕೆಲವು ಪುಸ್ತಕಗಳಲ್ಲಿ ಭಯಂಕರ ಚಿತ್ರಗಳು, ಕೆಲವದರಲ್ಲಿ ಸಪ್ಪೆ ವಿವರ. ಓದಿದವರಿಗೆ ಹೆದರಿಕೆ ಜಾಸ್ತಿ ಆಯಿತೇ ಹೊರತು ಬರೀ ಹೆದರಿಕೆಯಿಂದ ಯಾರೂ ಆಸ್ಪತ್ರೆ ಕಡೆ ಹೆಚ್ಚು ಹೋಗಲಿಲ್ಲ. ವ್ಯತ್ಯಾಸ ಮಾಡಿದ್ದು ಇನ್ನೊಂದು ಸಂಗತಿ: ಆರೋಗ್ಯ ಕೇಂದ್ರ ಎಲ್ಲಿದೆ ಅನ್ನೋ ನಕ್ಷೆ, ನಿನ್ನ ವಾರದಲ್ಲಿ ಯಾವಾಗ ಹೋಗೋಕಾಗುತ್ತೆ ಯೋಚಿಸು ಅನ್ನೋ ಸೂಚನೆ. ಅದು ಸಿಕ್ಕವರಲ್ಲಿ ಸುಮಾರು 28 ಪರ್ಸೆಂಟ್ ಜನ ಹೋದರು, ಸಿಗದವರಲ್ಲಿ 3 ಪರ್ಸೆಂಟ್. ಅವರೆಲ್ಲ ಅಲ್ಲೇ ಓದುವವರು, ಕೇಂದ್ರ ಎಲ್ಲಿದೆ ಅಂತ ಗೊತ್ತಿಲ್ಲದೆ ಏನಲ್ಲ. ಆದರೂ ಜಾಗ ಮತ್ತು ಹೊತ್ತು ಕಣ್ಣಮುಂದೆ ಬಂದಾಗ ಕಾಲು ಎದ್ದಿತು. ಕಾರ್ಯದರ್ಶಿಯವರ ಬಿರುಕು ಬಿಟ್ಟ ಕೆರೆ ಚಿತ್ರಗಳಿಗೆ ನಾನು ಕೈ ಹಚ್ಚಲಿಲ್ಲ. ಕೊನೆಯಲ್ಲಿ ಜಾಗ ಮತ್ತು ಹೊತ್ತು ಮಾತ್ರ ಸೇರಿಸಿದೆ:

ಹೊರಡುವ ಮುನ್ನ, ಬಾಗಿಲ ಬಳಿಯ ಪಟ್ಟಿಯಲ್ಲಿ
ಶನಿವಾರ ಅಥವಾ ಭಾನುವಾರಕ್ಕೆ
ಟಿಕ್ ಹಾಕಿ.

ಕೆಳಗೆ ಚಿಕ್ಕದಾಗಿ ಇನ್ನೊಂದೇ ಸಾಲು: 'ಖರ್ಚು ಸಂಘದ್ದು. ಬಾಡಿಗೆಗೆ ಇರುವವರೂ ಹಾಕಬಹುದು.'

ಈ ಚಿಕ್ಕ ಸಾಲಿಗೆ ದೊಡ್ಡ ಸಾಲಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಕೊನೆ ಸ್ಲೈಡಿನಲ್ಲಿ ಎರಡನೇ ಸಾಲಿಗೆ ಜಾಗ ಇದ್ದರೆ ಅದು ಘೋಷಣೆಗಲ್ಲ, ಕೈ ತಡೆಯೋ ಅನುಮಾನಕ್ಕೆ ಉತ್ತರ ಕೊಡೋಕೆ. ನಮ್ಮಲ್ಲಿ ಬಾಡಿಗೆಯವರೇ ಹೆಚ್ಚು. 'ಓನರ್‌ನ ಕೇಳಬೇಕೇನೋ' ಅಂತ ಪೆನ್ನು ಕೆಳಗಿಟ್ಟರೆ ಅಲ್ಲಿಗೆ ಮುಗೀತು. ಇಂಗ್ಲಿಷಿನಲ್ಲೂ ಅದೇ ವಾಕ್ಯ ಸೇರಿಸಿ ಅಂತ ಒಬ್ಬರು ಹೇಳಿದರು. ಸೇರಿಸಿ ನೋಡಿದೆ, ಒಂದು ಕೆಲಸ ಎರಡು ಕೆಲಸದ ಹಾಗೆ ಕಾಣಿಸಿತು. ಅದನ್ನು ಬಾಗಿಲ ಬಳಿಯ ಪಟ್ಟಿಯ ತಲೆಗೆ ಹಾಕಿದೆ.

ಇನ್ನು ಅಕ್ಷರ. ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಇದು ಉಪಯೋಗ ಆಗಬಹುದು. ನಮ್ಮ ಕ್ರಿಯಾಪದ ಬರೋದು ಕೊನೆಯಲ್ಲಿ. ಸಾಲು ಎಲ್ಲಿ ಮುರಿಯುತ್ತೋ ಮುರಿಯಲಿ ಅಂತ ಬಿಟ್ಟರೆ 'ಟಿಕ್' ಮೇಲಿನ ಸಾಲಿನ ತುದಿಯಲ್ಲಿ, 'ಹಾಕಿ' ಕೆಳಗೆ ಅನಾಥ. ಅದಕ್ಕೇ ನಾನೇ ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ ಸಾಲು ಮುರಿದು, 'ಟಿಕ್ ಹಾಕಿ' ಎರಡೂ ಸೇರಿ ಕೊನೆ ಸಾಲಿನಲ್ಲಿ ದಪ್ಪಗೆ ನಿಲ್ಲೋ ಹಾಗೆ ಮಾಡಿದೆ. ಇನ್ನೊಂದು, ಪವರ್‌ಪಾಯಿಂಟಿನ ಮಾಮೂಲಿ ಥೀಮಿನಲ್ಲಿ ಸಾಲುಗಳ ನಡುವಿನ ಅಂತರ 0.9 ಇರುತ್ತೆ. ಇಂಗ್ಲಿಷಿಗೆ ಅದು ಚೆಂದ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ, ಹಿಂದಿನ ಸಾಲಿನವರಿಗೆ ಬರೀ ಕಪ್ಪು ಗಂಟು ಕಾಣುತ್ತೆ. 1.2 ಮಾಡಿದರೆ ಸರಿಹೋಗುತ್ತೆ. ಫಾಂಟ್ ನೋಟೋ ಸಾನ್ಸ್ ಕನ್ನಡ ಹಾಕಿದ್ದೆ, ಆದರೆ ಕ್ಲಬ್‌ಹೌಸಿನ ಲ್ಯಾಪ್‌ಟಾಪಿನಲ್ಲಿ ಅದು ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂತು ನನ್ನ ಸಾಲೆಲ್ಲ ಅದಲುಬದಲು. ಹಾಗಾಗಿ ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಕ್ಯೂಆರ್ ಕೋಡ್ ತೆಗೆದುಬಿಡೋಣ ಅಂದಾಗ ಕಾರ್ಯದರ್ಶಿಯವರ ಮುಖ ಸಣ್ಣಗಾಯಿತು. ಬೆಂಗಳೂರಿನಲ್ಲಿ ಎಳನೀರಿನವರ ಹತ್ತಿರಾನೂ ಇರುತ್ತೆ, ನಮ್ಮಲ್ಲಿ ಇಲ್ಲ ಅಂದ್ರೆ ಹೇಗೆ ಅಂತ. ಎಳನೀರಿನವರ ಕೋಡಿನ ಮುಂದೆ ನಾವು ಒಂದಡಿ ದೂರದಲ್ಲಿ ನಿಂತಿರ್ತೀವಿ ಅಲ್ವಾ? ಅಂದಾಜಿಗೆ ಒಂದು ಲೆಕ್ಕ ಇದೆ, ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತರಲ್ಲಿ ಒಂದು ಪಾಲು ಅಗಲ ಕೋಡಿಗೆ ಬೇಕು. ನಮ್ಮ ಹಾಲಿನ ಕೊನೆ ಕುರ್ಚಿ ಪರದೆಯಿಂದ ಸುಮಾರು 30 ಅಡಿ. ಅಂದರೆ ಕೋಡ್ 3 ಅಡಿ ಅಗಲ ಇರಬೇಕು. ನಮ್ಮ ಪರದೆಯೇ 6 ಅಡಿ. ಮೂಲೆಯಲ್ಲಿದ್ದ ಅರ್ಧ ಅಡಿ ಕೋಡು ಮೊದಲ ಸಾಲಿಗೆ ಬಿಟ್ಟು ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಅದರ ಮೇಲೆ ಉದ್ದನೆಯ ಫಾರ್ಮ್ ಲಿಂಕನ್ನು ಹಾಗೇ ಕೋಡ್ ಮಾಡಿದ್ದರು. ಲಿಂಕ್ ಉದ್ದ ಆದಷ್ಟೂ ಕೋಡಿನ ಚೌಕಗಳು ಸಣ್ಣಗೆ ಒತ್ತೊತ್ತಾಗಿ ಬರುತ್ತವೆ, ಮಂಕು ಪ್ರೊಜೆಕ್ಟರಿನಲ್ಲಿ ಒಂದಕ್ಕೊಂದು ಕಲಸಿಹೋಗುತ್ತವೆ. ಕೊನೆಗೆ ರಾಜಿ ಆಯಿತು: ಲಿಂಕ್ ಚಿಕ್ಕದು ಮಾಡಿ, ಕೋಡನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಪಟ್ಟಿ ಇಡೋ ಟೇಬಲ್ಲಿನ ಮೇಲೇ ಅಂಟಿಸೋದು.

ಹಿಂದಿನ ದಿನ ಎದುರು ಮನೆ ಆಂಟಿಗೆ ಹಳೇ ಸ್ಲೈಡನ್ನೂ ಹೊಸದನ್ನೂ ತೋರಿಸಿದೆ. ಐದು ಎಣಿಸುವಷ್ಟು ಹೊತ್ತು ತೋರಿಸಿ ಲ್ಯಾಪ್‌ಟಾಪ್ ಮುಚ್ಚಿ "ಈಗ ಏನು ಮಾಡ್ತೀರಾ ಆಂಟಿ?" ಅಂತ ಕೇಳೋದು, ಅಷ್ಟೇ ಪರೀಕ್ಷೆ. ಹಳೆಯದಕ್ಕೆ "ಒಳ್ಳೇ ವಿಷಯ ಕಣಪ್ಪ, ನೀರು ಉಳಿಸಲೇಬೇಕು" ಅಂದರು. ಹೊಗಳಿಕೆ ಬಂತು ಅಂದರೆ ಸ್ಲೈಡ್ ಕೆಲಸ ಮಾಡಿಲ್ಲ ಅಂತಲೇ ಲೆಕ್ಕ. ಅವರಿಗೆ ವಿಷಯ ಸಿಕ್ಕಿದೆ, ಕೆಲಸ ಸಿಕ್ಕಿಲ್ಲ. ಹೊಸದಕ್ಕೆ "ಶನಿವಾರ ನಮ್ಮನೇಲಿ ಪೂಜೆ, ಭಾನುವಾರಕ್ಕೆ ಹಾಕ್ಲಾ? ಪಟ್ಟಿ ಎಲ್ಲಿ?" ಅಂದರು. ಬಣ್ಣ ಹೇಗಿದೆ ಅಂತ ಕೇಳೋ ಅಗತ್ಯವೇ ಬೀಳಲಿಲ್ಲ.

ಗುಲಾಬಿ ಹೂವಿನ ಧನ್ಯವಾದ ತೆಗೆದದ್ದಕ್ಕೆ ಕಾರ್ಯದರ್ಶಿಯವರಿಗೆ ಸ್ವಲ್ಪ ಬೇಜಾರು. ಬಾಯಲ್ಲಿ ಹೇಳಿ ಸರ್, ಇನ್ನೂ ಚೆನ್ನಾಗಿರುತ್ತೆ ಅಂದೆ. ಪ್ರಶ್ನೆ ಕೇಳೋ ಹೊತ್ತಿನಲ್ಲಿ ಪರದೆ ಮೇಲೆ ಯಾವುದಿರುತ್ತೋ ಅದನ್ನೇ ಜನ ಅತಿ ಹೆಚ್ಚು ಹೊತ್ತು ನೋಡೋದು. ಆ ಜಾಗವನ್ನು ಹೂವಿಗೆ ಕೊಡೋಕೆ ನನಗೆ ಮನಸ್ಸಿರಲಿಲ್ಲ. ಕೊನೆ ಸ್ಲೈಡನ್ನು ಕಾಪಿ ಮಾಡಿ ಅದರ ಹಿಂದೆಯೇ ಮತ್ತೆರಡು ಇಟ್ಟೆ, ಯಾಕಂದರೆ ಮಾತಾಡುವವರು ಅಭ್ಯಾಸಬಲದಿಂದ ಇನ್ನೊಂದು ಸಲ ಕ್ಲಿಕ್ ಮಾಡೇ ಮಾಡುತ್ತಾರೆ, ಪರದೆ ಕಪ್ಪಾಗಿ 'End of slide show, click to exit' ಬಂದುಬಿಡುತ್ತೆ.

ಸಭೆಯಲ್ಲಿ ಹಾಗೇ ಆಯಿತು. ಕೊನೆ ವಾಕ್ಯವನ್ನು ಸ್ಲೈಡಿನಲ್ಲಿ ಇದ್ದ ಹಾಗೇ ಓದಿ ಸುಮ್ಮನಾಗಿ ಅಂತ ಹೇಳಿದ್ದೆ. ಅವರು ಓದಿದರು, ಸುಮ್ಮನಾಗಲಿಲ್ಲ, ಇನ್ನೊಂದು ಸಲ ಕ್ಲಿಕ್ಕಿಸಿದರು. ಅದೇ ಸ್ಲೈಡ್ ಬಂತು, ಯಾರಿಗೂ ಗೊತ್ತಾಗಲಿಲ್ಲ. ಪ್ರಶ್ನೆಗಳು ಏರಿಯೇಟರ್ ಬಿಟ್ಟು ಎಲ್ಲೆಲ್ಲೋ ಹೋದವು. ಕಾವೇರಿ ಐದನೇ ಹಂತದ ನೀರು ಯಾವಾಗ ಬರುತ್ತೆ, ಟ್ಯಾಂಕರ್‌ನವರ ಜೊತೆ ಕಮಿಟಿ ಯಾಕೆ ಚೌಕಾಸಿ ಮಾಡಲಿಲ್ಲ, ಸ್ನಾನದ ನಲ್ಲಿಗೂ ಹಾಕ್ತೀರಾ. ಕೊನೇದು ಒಳ್ಳೆ ಪ್ರಶ್ನೆ. ಬಕೆಟ್ ತುಂಬಿಸೋ ನಲ್ಲಿಗೆ ಏರಿಯೇಟರ್ ಹಾಕಿ ಪ್ರಯೋಜನ ಇಲ್ಲ, ಬಕೆಟ್ಟಿಗೆ ಬೇಕಾದ ನೀರು ಅಷ್ಟೇ, ತುಂಬೋದು ನಿಧಾನ ಆಗುತ್ತೆ ಅಷ್ಟೇ. ಸಿಂಕು, ವಾಶ್‌ಬೇಸಿನ್ನಿಗೆ ಮಾತ್ರ ಅಂತ ಪ್ಲಂಬರೇ ಎದ್ದು ಹೇಳಿದ. ಈ ಗದ್ದಲದ ಹಿಂದೆ 'ಟಿಕ್ ಹಾಕಿ' ಅನ್ನೋದು ಮಾತ್ರ ಪರದೆ ಮೇಲೆ ಕೂತೇ ಇತ್ತು.

ಬಾಗಿಲ ಬಳಿ ಎ ಬ್ಲಾಕಿಗೊಂದು, ಬಿ ಬ್ಲಾಕಿಗೊಂದು ಪಟ್ಟಿ, ಮನೆ ನಂಬರ್ ಮೊದಲೇ ಪ್ರಿಂಟ್ ಮಾಡಿದ್ದು. ಹೆಸರು, ಫೋನ್ ಯಾವುದೂ ಬರೆಯಬೇಕಿರಲಿಲ್ಲ. ಆದರೂ ಸಾಲು ನಿಂತಿತು, ಪೆನ್ನು ಸಾಲದೆ ಬಂದು ಸೆಕ್ಯುರಿಟಿಯವರ ಪೆನ್ನನ್ನೂ ಕಸಿದುಕೊಂಡೆವು. ಬಂದವರಲ್ಲಿ ಬಹುತೇಕ ಎಲ್ಲರೂ ಹಾಕಿದರು. ಒಂದಷ್ಟು ಜನ ಎರಡೂ ದಿನಕ್ಕೆ ಹಾಕಿದರು. ಒಬ್ಬರು ಪಕ್ಕದಲ್ಲಿ 'ಸಂಜೆ ಆರರ ಮೇಲೆ' ಅಂತ ಬರೆದರು, ಪ್ಲಂಬರ್ ಇರೋದು ಐದರ ತನಕ. ಅಂಥವರಿಗೆ ಫೋನ್ ಮಾಡಿ ಹೊಂದಿಸಿಕೊಳ್ಳಬೇಕಾಯಿತು.

ಸಭೆಗೆ ಬಾರದವರಿಗೆ ಸ್ಲೈಡಿನಿಂದ ಏನೂ ಆಗದು. ಅದನ್ನೇ ವಾಟ್ಸಾಪ್ ಗುಂಪಿಗೆ ಹಾಕೋಣ ಅಂದರು ಕಾರ್ಯದರ್ಶಿಯವರು. ಆದರೆ ಸೋಫಾದ ಮೇಲೆ ಮಲಗಿ ಮೊಬೈಲ್ ನೋಡುವವರಿಗೆ 'ಹೊರಡುವ ಮುನ್ನ, ಬಾಗಿಲ ಬಳಿಯ ಪಟ್ಟಿಯಲ್ಲಿ' ಅಂದರೆ ಯಾವ ಬಾಗಿಲು, ಎಲ್ಲಿಗೆ ಹೊರಡೋದು? ಗುಂಪಿಗೆ ಬೇರೆ ವಾಕ್ಯ ಬರೆದೆ: 'ಶನಿವಾರವೋ ಭಾನುವಾರವೋ, ಮನೆ ನಂಬರ್ ಜೊತೆ ಇಲ್ಲೇ ಉತ್ತರಿಸಿ.' ಲಿಫ್ಟಿಗೆ ಅಂಟಿಸಿದ ಹಾಳೆಯಲ್ಲಿ ಪಟ್ಟಿ ಸೆಕ್ಯುರಿಟಿ ಟೇಬಲ್ಲಿನಲ್ಲಿದೆ ಅಂತ ಹಾಕಿ, ಜೊತೆಗೆ ಕೋಡ್ ಕೊಟ್ಟೆ. ಅಲ್ಲಿ ಅದು ಒಂದಡಿ ದೂರದಿಂದ ಚೆನ್ನಾಗೇ ಸ್ಕ್ಯಾನ್ ಆಗುತ್ತಿತ್ತು.