ಪಿಕ್ಯೂ ಫೈಲಿನಲ್ಲಿ ಒಂದು ಪುಟ ಇನ್ನೊಂದರ ಮೇಲೆ ಸಾಕ್ಷಿ ಹೇಳುತ್ತೆ

ಬಳ್ಳಾರಿಯಲ್ಲಿ ಸೇತುವೆ ಕೆಲಸವನ್ನೇ ಮಾಡುವ ಕಂಪನಿಯೊಂದರ ಟೆಂಡರ್ ವಿಭಾಗದಲ್ಲಿ ನನ್ನ ಕೆಲಸ. ರೇಟು ಹಾಕುವುದಕ್ಕೆ ಮುಂಚೆ ಕಂಪನಿಯ ಅರ್ಹತೆ ನೋಡುವ ಪ್ರೀಕ್ವಾಲಿಫಿಕೇಶನ್, ಅಂದರೆ ನಮ್ಮ ಬಾಯಲ್ಲಿ ಪಿಕ್ಯೂ, ಕೇಳುವ ಕಡೆಗೆಲ್ಲ ಫೈಲು ಕಟ್ಟಿಕೊಡುವುದು ನಮ್ಮ ಜವಾಬ್ದಾರಿ. ಅನುಭವ, ಜನ ಮತ್ತು ಯಂತ್ರ, ಸುರಕ್ಷತೆ, ಹಣಕಾಸು ಎಂದು ನಾಲ್ಕು ಭಾಗ ಇರುತ್ತೆ. ಹೆಚ್ಚಿನ ಕಂಪನಿಗಳಲ್ಲಿ ಈ ನಾಲ್ಕನ್ನು ನಾಲ್ಕು ಟೇಬಲ್ಲಿನವರು ಬೇರೆಬೇರೆಯಾಗಿ ತುಂಬುತ್ತಾರೆ. ನೋಡುವವನು ಮಾತ್ರ ಒಬ್ಬನೇ, ಅವನ ಮುಂದೆ ನಾಲ್ಕೂ ಒಟ್ಟಿಗೆ ಬಿಚ್ಚಿಕೊಂಡಿರುತ್ತವೆ.

ತೋರಣಗಲ್ಲು ಕಡೆಯ ಒಂದು ಕಾರ್ಖಾನೆಯವರು ತಮ್ಮ ರೈಲ್ವೆ ಸೈಡಿಂಗ್ ಮೇಲೆ ರೋಡ್ ಓವರ್ ಬ್ರಿಜ್ ಕಟ್ಟಿಸಲು ಪಿಕ್ಯೂ ಕರೆದಿದ್ದರು. ಅಂದಾಜು 38 ಕೋಟಿ, ಅವಧಿ 18 ತಿಂಗಳು. ಕೆಳಗೆ ಅದಿರಿನ ರೇಕ್‌ಗಳು ಓಡಾಡುತ್ತಿರುವಾಗಲೇ 30 ಮೀಟರಿನ, ಒಳಗೆ ಉಕ್ಕಿನ ಕೇಬಲ್ ಬಿಗಿದ ಕಾಂಕ್ರೀಟಿನ ಪಿಎಸ್‌ಸಿ ಗರ್ಡರ್‌ಗಳನ್ನು ಎರಡು ಕ್ರೇನ್ ಹಚ್ಚಿ ಎತ್ತಿ ಕೂರಿಸಬೇಕು. ಒಂದೊಂದೂ 50 ಟನ್ನಿನ ಮೇಲೆ ತೂಗುವ ಸರಕು.

ಹಣಕಾಸಿನಲ್ಲಿ ಟರ್ನೋವರ್, ನೆಟ್‌ವರ್ತ್ ಇವೆಲ್ಲ ಸಿಎ ಸರ್ಟಿಫಿಕೇಟಿನಿಂದ ಮುಗಿಯುವ ಮಾತು. ಅದರ ಮೇಲೆ ಯುಡಿಐಎನ್, ಅಂದರೆ ಆ ಒಂದು ಸರ್ಟಿಫಿಕೇಟಿಗೇ ಸೇರಿದ ನಂಬರ್, ಇದ್ದರಾಯಿತು. 2019ರಿಂದ ಅದು ಕಡ್ಡಾಯ, ಅದು ಅಸಲಿಯೋ ಅಲ್ಲವೋ ಎಂದು ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ನಿಜವಾದ ಗುದ್ದಾಟ ಇರುವುದು ಬಿಡ್ ಕೆಪ್ಯಾಸಿಟಿಯಲ್ಲಿ, ಅಂದರೆ ಇನ್ನೆಷ್ಟು ಮೊತ್ತದ ಕೆಲಸ ಹೊರಬಲ್ಲೆವು ಎಂಬ ಲೆಕ್ಕದಲ್ಲಿ. ಸರ್ಕಾರಿ ಟೆಂಡರಿನ ಸೂತ್ರವನ್ನೇ ಇವರೂ ಕೊಟ್ಟಿದ್ದರು:

A × N × 1.5 − B

A ಎಂದರೆ ಕಳೆದ ಐದು ವರ್ಷದಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ, ಇವತ್ತಿನ ಬೆಲೆಗೆ ತಂದದ್ದು. N ಎಂದರೆ ಹೊಸ ಕೆಲಸದ ಅವಧಿ, ವರ್ಷದ ಲೆಕ್ಕದಲ್ಲಿ. B ಎಂದರೆ ಕೈಯಲ್ಲಿರುವ ಕೆಲಸಗಳಲ್ಲಿ ಆ ಅವಧಿಯೊಳಗೆ ಮಾಡಬೇಕಾದ ಭಾಗ. ನಮ್ಮ A 32 ಕೋಟಿ. 32ನ್ನು ಒಂದೂವರೆಯಿಂದ ಎರಡು ಸಲ ಗುಣಿಸಿದರೆ 72. ಕೈಯಲ್ಲಿ ಮೂರು ಕೆಲಸ: ರಾಯಚೂರು ಕಡೆ ಕೃಷ್ಣಾ ನದಿಯ ಸೇತುವೆಯಲ್ಲಿ 24 ಕೋಟಿ ಬಾಕಿ, ಉಳಿದ ಎರಡರಲ್ಲಿ 8 ಮತ್ತು 6. ಒಟ್ಟು 38. 72ರಲ್ಲಿ 38 ಕಳೆದರೆ 34, ಅಂದರೆ 38 ಕೋಟಿಯ ಕೆಲಸಕ್ಕೆ ನಾವು ಅನರ್ಹರು.

ಆದರೆ B ಎಂದರೆ ಬಾಕಿ ಇರುವುದೆಲ್ಲ ಅಲ್ಲ. ನದಿ ಸೇತುವೆಗೆ ಇನ್ನೂ 24 ತಿಂಗಳು ಅವಧಿ ಇತ್ತು. ಅದರಲ್ಲಿ ಮೊದಲ 18 ತಿಂಗಳ ಪಾಲು, ಕಾರ್ಯಕ್ರಮ ಪಟ್ಟಿಯ ಪ್ರಕಾರ, 18 ಕೋಟಿ. ಆಗ B 32ಕ್ಕೆ ಇಳಿದು ಕೆಪ್ಯಾಸಿಟಿ 40 ಆಗುತ್ತೆ, ಪಾಸು. ಇದರಲ್ಲಿ ಮೋಸ ಏನಿಲ್ಲ, ಸೂತ್ರ ಕೇಳುವುದೇ ಇದನ್ನು. ಎಷ್ಟೋ ಜನ ಬಾಕಿ ಮೊತ್ತ ಪೂರ್ತಿ ಹಾಕಿ ತಾವಾಗಿಯೇ ಹೊರಗೆ ಬೀಳುತ್ತಾರೆ.

ಫೈಲು ಬೈಂಡಿಂಗಿಗೆ ಹೋಗುವ ಮುಂಚೆ ನಮ್ಮ ಹಿರಿಯ ಎಂಜಿನಿಯರ್ ಒಬ್ಬರು ಕೂತು ತಿರುವಿ ಹಾಕಿದರು. ಯಂತ್ರಗಳ ಪಟ್ಟಿಗೆ ಬಂದಾಗ ಬೆರಳಿಟ್ಟು ಕೇಳಿದರು: "ಈ ಎರಡು ಕ್ರೇನು ಆರನೇ ತಿಂಗಳಿಗೆ ರಾಯಚೂರಿಂದ ಬಿಡುಗಡೆ ಅಂತ ಬರದೀರಿ. ಅಲ್ಲಿ ಗರ್ಡರ್ ಎತ್ತೋದು ಆರು ತಿಂಗಳಾಗೇ ಮುಗಿದುಬಿಡ್ತೈತೇನು? ಹಂಗಾದ್ರ ಬಿಲ್ಲೂ ಆಗಿರ್ತೈತಲ್ರಿ, ಮತ್ತ ಎರಡು ವರ್ಷ ಯಾಕ ತೋರ್ಸೀರಿ?"

ಯಂತ್ರದ ವಿಭಾಗದವರು ಟೆಂಡರ್ ಸಿಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಕ್ರೇನ್ ಬೇಗ ಸಿಗುತ್ತೆ ಎಂದು ಬರೆದಿದ್ದರು. ಆದರೆ ಗರ್ಡರ್ ಆರು ತಿಂಗಳಲ್ಲಿ ಕೂತರೆ ಸೇತುವೆಯ ದೊಡ್ಡ ಮೊತ್ತವೆಲ್ಲ 18 ತಿಂಗಳೊಳಗೇ ಮುಗಿಯುತ್ತೆ. B ಮತ್ತೆ 38, ಕೆಪ್ಯಾಸಿಟಿ ಮತ್ತೆ 34. ನಮ್ಮ ಹಣಕಾಸಿನ ಪುಟವನ್ನು ನಮ್ಮದೇ ಕ್ರೇನ್ ಪುಟ ಹೊಡೆದುಹಾಕುತ್ತಿತ್ತು.

ಸೈಟಿನ ವಾಸ್ತವ ಬೇರೆ ಇತ್ತು. ಮಳೆಗಾಲದಲ್ಲಿ ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಕೃಷ್ಣೆಯಲ್ಲಿ ಅಡಿಪಾಯದ ಕೆಲಸ ನಿಲ್ಲುತ್ತೆ. ನದಿಯೊಳಗಿನ ಪೈಲು, ಪೈಲ್ ಕ್ಯಾಪು ಬೇಸಿಗೆಗೇ ಕಾಯಬೇಕು. ಹಾಗಾಗಿ ಅಲ್ಲಿ ಗರ್ಡರ್ ಎತ್ತುವುದು 15ನೇ ತಿಂಗಳಿನ ನಂತರ. ತೋರಣಗಲ್ಲಿನಲ್ಲಿ ನಮಗೆ ಕ್ರೇನ್ ಬೇಕಿದ್ದದ್ದು 9ರಿಂದ 12ನೇ ತಿಂಗಳು. ಅಂದರೆ ಕ್ರೇನು ಮೊದಲು ಇಲ್ಲಿ, ಆಮೇಲೆ ಅಲ್ಲಿ. ಎರಡು ಪುಟವೂ ನಿಜವಾಗಬಹುದಿತ್ತು, ಬರೆದ ರೀತಿ ಮಾತ್ರ ತಿರುಗಾಮುರುಗಾ. ಎರಡೂ ಕೆಲಸವನ್ನು ಒಂದೇ ಹಾಳೆಯಲ್ಲಿ ತಿಂಗಳ ಪ್ರಕಾರ ಪಟ್ಟಿ ಎಳೆದು, ಕ್ರೇನ್ ಮತ್ತು ಸ್ಟ್ರೆಸ್ಸಿಂಗ್ ಜ್ಯಾಕು ಯಾವಾಗ ಎಲ್ಲಿ ಎಂದು ಬಣ್ಣ ಹಚ್ಚಿದೆವು. ರಾಯಚೂರಿನ ಕೆಲಸದ ಮಂಜೂರಾದ ಕಾರ್ಯಕ್ರಮ ಪಟ್ಟಿಯನ್ನು, ಅಲ್ಲಿನ ಇಲಾಖೆ ಎಂಜಿನಿಯರ್ ಸಹಿ ಸಮೇತ, ಹಿಂದೆ ಲಗತ್ತಿಸಿದೆವು. ಆ ಸಹಿ ಇಲ್ಲದಿದ್ದರೆ 18 ಕೋಟಿ ಎಂಬುದು ನಮ್ಮ ಬಾಯಿಮಾತು ಅಷ್ಟೆ.

ಅನುಭವದ ಭಾಗದಲ್ಲಿ ಇಂಥದೇ ಒಂದು ಗಂಟು. ಖಾಸಗಿಯವರಿಗೆ ಮಾಡಿದ ಕೆಲಸದ ಕಂಪ್ಲೀಷನ್ ಸರ್ಟಿಫಿಕೇಟಿನಲ್ಲಿ 23.6 ಕೋಟಿ ಇದ್ದರೆ, ಟಿಡಿಎಸ್ ತೋರಿಸುವ 26ಎಎಸ್‌ನಲ್ಲಿ 20 ಕೋಟಿ ಕಾಣುತ್ತೆ. ವ್ಯತ್ಯಾಸ 18 ಪರ್ಸೆಂಟ್ ಜಿಎಸ್‌ಟಿಯದ್ದು. ನೋಡುವವನಿಗೆ ಅದನ್ನು ಊಹಿಸುವ ಕರ್ಮ ಇಲ್ಲ, ಮೊತ್ತ ತಾಳೆ ಇಲ್ಲ ಎಂದು ಬರೆದು ಮುಂದೆ ಹೋಗುತ್ತಾನೆ. ಎರಡು ಸಾಲಿನ ಹೊಂದಾಣಿಕೆ ಪತ್ರ ಸಾಕು. ನಮ್ಮಂಥ ಸೇತುವೆಯವರಿಗೆ ಇನ್ನೊಂದು ಕಾಟ ಇದೆ. ಎಷ್ಟೋ ಕೆಲಸ ಮುಖ್ಯ ಗುತ್ತಿಗೆದಾರರ ಕೈಕೆಳಗೆ ಮಾಡಿರುತ್ತೇವೆ. ಅವರ ಲೆಟರ್‌ಹೆಡ್ಡಿನ ಸರ್ಟಿಫಿಕೇಟು ಹೆಚ್ಚಿನ ಕಡೆ ನಡೆಯಲ್ಲ. ನಮ್ಮನ್ನು ಉಪಗುತ್ತಿಗೆಗೆ ಒಪ್ಪಿದ ಮಾಲೀಕರ ಪತ್ರ ಮತ್ತು ಸರ್ಟಿಫಿಕೇಟಿನ ಮೇಲೆ ಅವರ ಸಹಿ ಬೇಕು. ಅದರಲ್ಲೂ ಸ್ಪ್ಯಾನ್ ಎಷ್ಟು ಮೀಟರ್, ಅಡಿಪಾಯ ಪೈಲೋ ವೆಲ್ಲೋ ಎಂದು ಬರೆದಿರಬೇಕು. "ಸೇತುವೆ ಕೆಲಸ ತೃಪ್ತಿಕರ" ಎಂದಷ್ಟೇ ಇದ್ದರೆ ಸಣ್ಣ ಸ್ಲ್ಯಾಬ್ ಕಲ್ವರ್ಟಿಗೂ ಅದಕ್ಕೂ ಫರಕಿಲ್ಲ. ಕೆಲಸ ಮುಗಿದ ವಾರವೇ ಇದನ್ನು ಬರೆಸಿಕೊಳ್ಳಬೇಕು, ಆಮೇಲೆ ಸಹಿ ಮಾಡುವ ಸಾಹೇಬರು ವರ್ಗವಾಗಿರುತ್ತಾರೆ.

ಸುರಕ್ಷತೆಯ ಪುಟದಲ್ಲಿ ಸೊನ್ನೆ ಬರೆಯುವ ಆಸೆ ಎಲ್ಲರಿಗೂ. ಕಾರ್ಖಾನೆಯವರು ಕೇಳುವುದು ಅಪಘಾತದ ಫ್ರೀಕ್ವೆನ್ಸಿ ರೇಟು: ಕೆಲಸ ತಪ್ಪಿಸಿದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಒಟ್ಟು ಮ್ಯಾನ್ ಅವರ್ಸ್‌ನಿಂದ ಭಾಗಿಸಬೇಕು. ಇದು ಐಎಸ್ 3786ರ ಲೆಕ್ಕ. 140 ಜನ, ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ ಹಿಡಿದರೆ ಮೂರು ವರ್ಷಕ್ಕೆ ಸುಮಾರು ಹತ್ತೂವರೆ ಲಕ್ಷ ಗಂಟೆ. ಎರಡು ಗಾಯವಾಗಿದ್ದರೆ ರೇಟು 1.9. ಅಮೆರಿಕದ ಪದ್ಧತಿಯಲ್ಲಿ ಎರಡು ಲಕ್ಷದಿಂದ ಗುಣಿಸುತ್ತಾರೆ, ಅದೇ ಗಾಯಗಳಿಗೆ 0.38 ಬರುತ್ತೆ. ಯಾವುದರಿಂದ ಗುಣಿಸಿದ್ದು ಎಂದು ಪಕ್ಕದಲ್ಲೇ ಬರೆಯದಿದ್ದರೆ ಅನುಮಾನ ಶುರು. ಎಣಿಸುವುದರಲ್ಲೂ ಎಡವುತ್ತಾರೆ. 48 ಗಂಟೆ ಅಥವಾ ಹೆಚ್ಚು ಹೊತ್ತು ಕೆಲಸ ತಪ್ಪಿಸಿದ ಗಾಯ ಸರ್ಕಾರಕ್ಕೆ ವರದಿ ಮಾಡಬೇಕಾದದ್ದು. ಈ ರೇಟಿಗೆ ಮಾತ್ರ, ಮರುದಿನದ ಪಾಳಿಗೆ ಬರಲಾಗದ ಗಾಯವೂ ಸೇರುತ್ತೆ.

ಇನ್ನು ಆ 140 ಜನ. ನಮ್ಮ ಸ್ವಂತ ಪಿಎಫ್ ಚಲನ್‌ನಲ್ಲಿದ್ದದ್ದು 60 ಹೆಸರು, ಉಳಿದವರು ಬಾರ್ ಬೆಂಡಿಂಗ್ ಮತ್ತು ಶಟರಿಂಗ್ ಮೇಸ್ತ್ರಿಗಳ ಕಡೆಯವರು. ಗಂಟೆ 140 ಜನರದ್ದು, ಗಾಯ 60 ಜನರದ್ದು ಎಂದು ಬರೆದರೆ ರೇಟು ಚೆಂದ ಕಾಣುತ್ತೆ, ಚಲನ್ ತೆರೆದ ತಕ್ಷಣ ಬಯಲಾಗುತ್ತೆ. ಮೇಸ್ತ್ರಿಗಳ ಚಲನ್‌ಗಳನ್ನೂ ಅವರ ಗಾಯದ ರಿಜಿಸ್ಟರನ್ನೂ ಸೇರಿಸಿಯೇ 1.9 ಬರೆದು ಕೊಟ್ಟೆವು.

ಕಾರ್ಖಾನೆಯಿಂದ ವಿವರಣೆ ಕೇಳಿ ಬಂದ ಪತ್ರದಲ್ಲಿ ಕ್ರೇನ್ ಬಗ್ಗೆ ಪ್ರಶ್ನೆ ಇರಲಿಲ್ಲ. ಆ ಎರಡು ಗಾಯ ಹೇಗಾದವು, ಆಮೇಲೆ ಏನು ಬದಲಾಯಿಸಿದಿರಿ ಎಂದು ಕೇಳಿದ್ದರು. ಒಂದು ಶಟರಿಂಗ್ ಬಿಚ್ಚುವಾಗ, ಇನ್ನೊಂದು ಕೇಬಲ್ ತೂರಿಸುವಾಗ ಕೈಗೆ ಆದದ್ದು. ತನಿಖೆಯ ಹಾಳೆಗಳನ್ನು ಕಳಿಸಿದೆವು, ರೇಟು ಹಾಕಲು ಕರೆದರು.