ಕಣ್ಣಿನ ಹನಿಯ ಚೀಟಿ ತಿದ್ದಿದ ದಿನ

ತಿದ್ದಲು ಬಂದದ್ದು ಅರ್ಧ ಪುಟದ ಚೀಟಿ. ಕಣ್ಣಿಗೆ ಔಷಧದ ಹನಿ ಹಾಕಿಕೊಳ್ಳುವುದು ಹೇಗೆ ಎಂದು ರೋಗಿಗೆ ತಿಳಿಸುವ ಸೂಚನೆಗಳು, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಂಥವು. ಕಾಗುಣಿತದ ತಪ್ಪಿರಲಿಲ್ಲ, ವ್ಯಾಕರಣದ ತಪ್ಪೂ ಇರಲಿಲ್ಲ. ಆದರೂ ಮೊದಲ ವಾಕ್ಯವನ್ನೇ ಎರಡು ಸಲ ಓದಬೇಕಾಯಿತು:

“ನಿಮ್ಮ ಕಣ್ಣುಗಳಲ್ಲಿ ಹನಿಗಳನ್ನು ಹಾಕುವ ಮೊದಲು ನಿಮ್ಮ ಕೈಗಳು ಸಾಬೂನಿನಿಂದ ತೊಳೆಯಲ್ಪಟ್ಟಿವೆ ಎಂಬುದನ್ನು ಖಚಿತಪಡಿಸಿಕೊಳ್ಳಿ.”

ಕನ್ನಡ ವಾಕ್ಯದ ತೂಕವೆಲ್ಲ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ. ಇಲ್ಲಿ ಆ ಜಾಗದಲ್ಲಿ ಇರುವುದು “ಖಚಿತಪಡಿಸಿಕೊಳ್ಳಿ”. ರೋಗಿ ಮಾಡಬೇಕಾದ ಕೆಲಸ ಕೈ ತೊಳೆಯುವುದು. ಅದು ನಡುವೆಲ್ಲೋ ಹುದುಗಿದೆ, ಅದೂ “ತೊಳೆಯಲ್ಪಟ್ಟಿವೆ” ಎಂದು, ಬೇರೆ ಯಾರೋ ತೊಳೆದುಕೊಟ್ಟ ಹಾಗೆ. ತನ್ನ ಕೈ, ತನ್ನ ಕಣ್ಣು ಎಂದು ಓದುಗನಿಗೆ ಗೊತ್ತೇ ಇರುವುದರಿಂದ “ನಿಮ್ಮ” ಒಂದು ಸಲವೂ ಬೇಕಿಲ್ಲ.

ಇಂಥ ವಾಕ್ಯವನ್ನು ಪದ ಬದಲಿಸಿ ತಿದ್ದಲು ಹೊರಟರೆ ಅದೇ ಜಾಡಿನಲ್ಲೇ ಸುತ್ತುತ್ತೇವೆ. ಚೀಟಿಯನ್ನು ಮಗುಚಿಟ್ಟು, ಎದುರಿಗೆ ಕೂತವರಿಗೆ ಇದನ್ನು ಬಾಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಹೇಳಿ, ಹೇಳಿದ್ದನ್ನೇ ಬರೆದುಕೊಳ್ಳಬೇಕು. ಆಗ ಬಂದದ್ದು: “ಮೊದಲು ಸಾಬೂನು ಹಚ್ಚಿ ಕೈ ತೊಳೆದು ಒರೆಸಿಕೊಳ್ಳಿ. ಆಮೇಲೆ ಹನಿ ಹಾಕಿ.” ಕೈ ಒರೆಸುವ ಮಾತು ಮೂಲದಲ್ಲಿ ಇರಲಿಲ್ಲ, ಬಾಯಿಮಾತಿನ ಓಟದಲ್ಲಿ ಸೇರಿಕೊಂಡಿತ್ತು. ಸಲಹೆ ಸರಿಯಾದದ್ದೇ ಇರಬಹುದು, ಆದರೆ ಅದನ್ನು ಸೇರಿಸುವ ಅಧಿಕಾರ ತಿದ್ದುವವರಿಗಿಲ್ಲ. ಕೊನೆಗೆ ಉಳಿದದ್ದು “ಮೊದಲು ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಿ. ಆಮೇಲೆ ಹನಿ ಹಾಕಿ.”

ಮುಂದಿನ ಸಾಲು ಹೆಚ್ಚು ಕಷ್ಟದ್ದು: “ಕಣ್ಣನ್ನು ಮುಚ್ಚಿ ಮತ್ತು ಉಜ್ಜಬೇಡಿ.” ಎರಡು ಕ್ರಿಯೆಗಳ ನಡುವಿನ “ಮತ್ತು” ಕಂಡ ಕೂಡಲೇ ಅದನ್ನು ಅಳಿಸಿಬಿಡುವ ಅಭ್ಯಾಸ ತಿದ್ದುವವರಿಗೆ ಇರುತ್ತದೆ, ಬಹುಪಾಲು ಕಡೆ ಅದು ಸರಿಯೂ ಹೌದು. ಇಲ್ಲಿ ಅಳಿಸಿದರೆ “ಕಣ್ಣು ಮುಚ್ಚಿ ಉಜ್ಜಬೇಡಿ” ಎಂದಾಗುತ್ತದೆ. ಅಂದರೆ ತೆರೆದುಕೊಂಡು ಉಜ್ಜಬಹುದೇ? ವಿಧಿರೂಪದ “ಮುಚ್ಚಿ”ಯೂ “ಮುಚ್ಚಿಕೊಂಡು” ಎಂಬ ಅರ್ಥದ “ಮುಚ್ಚಿ”ಯೂ ಬರಹದಲ್ಲಿ ಒಂದೇ. ಕೊನೆಗೆ “ಬೇಡಿ” ಬಂದಾಗ ಅದರ ನಿಷೇಧ ಹಿಂದಿನ ಕ್ರಿಯೆಯನ್ನೂ ಎಳೆದುಕೊಳ್ಳುತ್ತದೆ. ಒಂದನ್ನು ಮಾಡಿ, ಇನ್ನೊಂದನ್ನು ಮಾಡಬೇಡಿ ಎನ್ನುವಾಗ ವಾಕ್ಯ ಒಡೆಯುವುದೇ ದಾರಿ: “ಕಣ್ಣು ಮುಚ್ಚಿಕೊಳ್ಳಿ. ಉಜ್ಜಬೇಡಿ.”

ಪ್ರಮಾಣದ ಸಾಲು ಹೀಗಿತ್ತು: “ಪ್ರತಿ ಕಣ್ಣಿನಲ್ಲಿ ಒಂದು ಹನಿಯನ್ನು ದಿನಕ್ಕೆ ಎರಡು ಬಾರಿ ಹಾಕಿ.” ಇಂಗ್ಲಿಷಿನ ನೆರಳಾಗಿ ಸುಮ್ಮನೆ ಬರುವ “ಒಂದು”ಗಳನ್ನು ಕಿತ್ತುಹಾಕುತ್ತ ಬಂದ ಕೈ ಇಲ್ಲಿ ತಡೆಯಬೇಕು. ಈ “ಒಂದು” ಔಷಧದ ಲೆಕ್ಕ. ಹಂಚಿಕೆಯ ಲೆಕ್ಕವನ್ನು ಕನ್ನಡ ದ್ವಿರುಕ್ತಿಯಿಂದ ಹೇಳುತ್ತದೆ: “ದಿನಕ್ಕೆ ಎರಡು ಸಲ, ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕಿ.” ಒಂದೊಂದು ಎಂದ ಮೇಲೆ ಎರಡಕ್ಕೂ ಸೇರಿ ಒಂದೇ ಹನಿಯೇನೋ ಎಂಬ ಅನುಮಾನ ಉಳಿಯುವುದಿಲ್ಲ.

“ವೈದ್ಯರಿಂದ ಸೂಚಿಸಲ್ಪಡದ ಹೊರತು ಈ ಔಷಧವನ್ನು ನಿಲ್ಲಿಸಬೇಡಿ” ಎಂಬಲ್ಲಿ ಎರಡು ನಿಷೇಧಗಳು ಸೇರಿ ಓದುಗ ಲೆಕ್ಕ ಹಾಕುವಂತಾಗಿತ್ತು. “ಡಾಕ್ಟರು ಹೇಳಿದರೆ ಮಾತ್ರ ಔಷಧ ನಿಲ್ಲಿಸಿ” ಎಂದರೆ ಅರ್ಥ ಅಷ್ಟೇ ಬಿಗಿಯಾಗಿ ನಿಲ್ಲುತ್ತದೆ. ಹಾಗೆಂದು ಕರ್ಮಣಿ ಪ್ರಯೋಗವೆಲ್ಲ ತಪ್ಪಲ್ಲ. “ಬಾಟಲಿಗೆ ಸೀಲ್ ಹಾಕಲಾಗಿದೆ” ಎಂಬುದನ್ನು ಮುಟ್ಟಲಿಲ್ಲ. ಹಾಕಿದವರು ಯಾರೆಂಬುದು ಅಲ್ಲಿ ಯಾರಿಗೂ ಬೇಕಿಲ್ಲ.

ಎಲ್ಲ ಮುಗಿದ ಮೇಲೆ ಇಂಗ್ಲಿಷ್ ಮೂಲವನ್ನು ಮತ್ತೆ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸಬೇಕು, ಏಕೆಂದರೆ ಸರಾಗವಾಗಿ ಬರೆಯುವ ಭರದಲ್ಲಿ ಸಣ್ಣ ಪದಗಳು ಜಾರಿಹೋಗುತ್ತವೆ. “ಮತ್ತೊಂದು ಔಷಧವನ್ನು ಬಳಸುವ ಮೊದಲು ಕನಿಷ್ಠ 5 ನಿಮಿಷಗಳ ಕಾಲ ನಿರೀಕ್ಷಿಸಿ” ಎಂಬುದು “5 ನಿಮಿಷ ಬಿಟ್ಟು ಇನ್ನೊಂದು ಔಷಧ ಹಾಕಿ” ಎಂದಾಗಿತ್ತು. ಓದಲು ಚೆನ್ನಾಗಿತ್ತು, ಆದರೆ “ಕನಿಷ್ಠ” ಕಾಣೆಯಾಗಿತ್ತು. ಆ ಪದವನ್ನೇ ತಂದು ತುರುಕಬೇಕಾಗಲಿಲ್ಲ. “5 ನಿಮಿಷವಾದರೂ ಬಿಟ್ಟು ಇನ್ನೊಂದು ಔಷಧ ಹಾಕಿ” ಎಂದು ತಿದ್ದಿ ಚೀಟಿಯನ್ನು ಅಚ್ಚಿಗೆ ಕಳಿಸಲಾಯಿತು.