ಆ ಊರಿನವರು ಎಲ್ಲಿ ಹೋದರು?

ಕಳೆದ ತಿಂಗಳು ನಮ್ಮ ಪ್ರೊಫೆಸರ್‌ಗೆ ಒಂದು ಇಮೇಲ್ ಬರೆದೆ. ಎಂ.ಎ. ಪ್ರಬಂಧಕ್ಕೆ ವಿಷಯ ಕೇಳಿದ್ದರು. ‘ಮಧ್ಯಯುಗದ ಇಂಗ್ಲೆಂಡಿನಲ್ಲಿ ಮಠಗಳ ಭೂಮಿ’ ಅಂತ ತಲೆಬರಹ ಕೊಟ್ಟು ಎರಡು ಪುಟ ತುಂಬಿಸಿದ್ದೆ. ಸಂಜೆ ಉತ್ತರ ಬಂತು. ಒಂದೇ ಸಾಲು: ಯಾವ ಮಠ, ಯಾವ ಕಾಲ, ಯಾವ ದಾಖಲೆ?

ಬೇಜಾರಾಯ್ತು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ನಾಯಿ ಕರೆದುಕೊಂಡು ಹೊರಟಿದ್ದರು, ಜೊತೆಗೆ ನಾನೂ ಹೋದೆ. ಲೀಡ್ಸ್‌ನಲ್ಲಿ ನಮ್ಮ ಮನೆಯಿಂದ ಕರ್ಕ್‌ಸ್ಟಾಲ್ ಮಠಕ್ಕೆ ನಡೆದೇ ಹೋಗಬಹುದು. ಏರ್ ನದಿಯ ದಂಡೆಯ ಮೇಲೆ ಸೂರಿಲ್ಲದ ದೊಡ್ಡ ಗೋಡೆಗಳು ನಿಂತಿವೆ. ನಡೆಯುತ್ತಾ ಅದರ ಕಥೆ ಹೇಳಿದೆ. ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು 1147ರಲ್ಲಿ ಮೊದಲು ಬಂದಿದ್ದು ಇಲ್ಲಿಗಲ್ಲ, ಬಾರ್ನಾಲ್ಡ್ಸ್‌ವಿಕ್ ಅನ್ನೋ ಊರಿಗೆ. ಹೆನ್ರಿ ಡಿ ಲೇಸಿ ಅನ್ನೋ ದೊಡ್ಡ ಜಮೀನ್ದಾರ ಆ ಊರನ್ನು ಅವರಿಗೆ ದಾನ ಕೊಟ್ಟಿದ್ದ. ಮಳೆ, ಚಳಿ, ಕಳ್ಳರ ಕಾಟ ತಾಳಲಾರದೆ 1152ರಲ್ಲಿ ಇಲ್ಲಿಗೆ ಬಂದರು.

ಅಜ್ಜಿ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಅಂದರು: “ಊರು ದಾನ ಕೊಟ್ಟರೆ, ಆ ಊರಿನವರು ಎಲ್ಲಿ ಹೋದರು?”

ನನ್ನ ಎರಡು ಪುಟದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಉತ್ತರದ ಒಂದು ಚೂರು ಮಾತ್ರ ಮಠದವರೇ ಬರೆದ ಸ್ಥಾಪನೆಯ ಕಥೆಯಲ್ಲಿದೆ. ಬಾರ್ನಾಲ್ಡ್ಸ್‌ವಿಕ್‌ನಲ್ಲಿ ಒಂದು ಹಳೇ ಚರ್ಚ್ ಇತ್ತು. ಹಬ್ಬದ ದಿನ ಸುತ್ತಲಿನ ಹಳ್ಳಿಯವರು, ಪಾದ್ರಿ, ಎಲ್ಲರೂ ಅಲ್ಲಿ ಸೇರುತ್ತಿದ್ದರು. ಸನ್ಯಾಸಿಗಳಿಗೆ ಆ ಗದ್ದಲ ಆಗಲಿಲ್ಲ. ಮಠದ ಹಿರಿಯ ಚರ್ಚನ್ನೇ ಕೆಡವಿಸಿದ. ಊರವರು ದೂರು ಕೊಟ್ಟರು, ಜಗಳ ಪೋಪ್‌ವರೆಗೆ ಹೋಯಿತು, ತೀರ್ಪು ಸನ್ಯಾಸಿಗಳ ಕಡೆಗೇ ಆಯಿತು. ಕೊನೆಗೆ ಊರವರನ್ನು ತೆಗೆದು ಆ ಜಾಗವನ್ನು ಮಠದ ಸ್ವಂತ ಕಮತ ಮಾಡಿಕೊಂಡರು. ‘ಗ್ರೇಂಜ್’ ಅಂತಾರೆ ಅದಕ್ಕೆ. ಮಠಕ್ಕೆ ಸೇರಿದ ಓದು ಬಾರದ ಸೋದರರೇ ಅಲ್ಲಿ ದುಡಿಯುವುದು, ರೈತರ ಗೇಣಿ ಬೇಡ ಅನ್ನುವುದು ಆಗಿನ ಆ ಪಂಥದ ನಿಯಮ. ಗೇಣಿ ಬೇಡ ಅಂದಮೇಲೆ ಗೇಣಿದಾರನೂ ಬೇಡ, ಅಲ್ವಾ?

ಇನ್ನೊಂದು ವಿಷಯ. ಹೆನ್ರಿ ಕೊಟ್ಟ ಊರು ಪೂರ್ತಿ ಅವನದೂ ಆಗಿರಲಿಲ್ಲ. ಅದನ್ನು ಅವನು ಇನ್ನೊಬ್ಬ ದೊರೆಯಿಂದ ವರ್ಷಕ್ಕೆ ಐದು ಮಾರ್ಕ್ ಹಣ ಮತ್ತು ಒಂದು ಗಿಡುಗದ ಲೆಕ್ಕದಲ್ಲಿ ಹಿಡಿದಿದ್ದ. ಅದನ್ನೂ ಕಟ್ಟದೆ ಬಾಕಿ ಉಳಿಸಿಕೊಂಡಿದ್ದ. ದಾನಪತ್ರವೊಂದನ್ನೇ ಓದಿದರೆ ಇದು ಕಾಣುವುದಿಲ್ಲ.

ಅವತ್ತು ರಾತ್ರಿ ಬಾಗಲಕೋಟೆಯೇ ಕಣ್ಣ ಮುಂದೆ. ಆಲಮಟ್ಟಿಯ ಹಿನ್ನೀರು ಬಂದಾಗ ನಮ್ಮ ಹೊಲ ಮುಳುಗಡೆಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಅಜ್ಜ ಪರಿಹಾರದ ಕಾಗದಗಳನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದ. ಸರ್ವೆ ನಂಬರು, ಎಕರೆ, ಗುಂಟೆ, ಅಜ್ಜನ ಹೆಸರು. ಆ ಹೊಲವನ್ನು ವರ್ಷಗಟ್ಟಲೆ ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವರ ಹೆಸರು ಅದರಲ್ಲಿ ಇರಲಿಲ್ಲ. ಅವರಿಗೆ ದುಡ್ಡೂ ಬರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಮಾತಾಡಿದ್ದು ನಾನು ಕೇಳಿಲ್ಲ.

ಇಮೇಲ್ ಮತ್ತೆ ಬರೆದೆ. ಮಠ: ಕರ್ಕ್‌ಸ್ಟಾಲ್. ಕಾಲ: 1147ರಿಂದ 1279. ಆ ವರ್ಷ ರಾಜ ಒಂದನೇ ಎಡ್ವರ್ಡ್ ಮಠಗಳಿಗೆ ಭೂಮಿ ಹೋಗುವುದಕ್ಕೆ ಕಾನೂನಿನ ತಡೆ ಹಾಕಿದ. ಮಠಕ್ಕೆ ಸಾವಿಲ್ಲ, ವಾರಸುದಾರರೂ ಇಲ್ಲ. ಹಾಗಾಗಿ ಅದರ ಕೈಗೆ ಹೋದ ಹೊಲದಿಂದ ಮೇಲಿನ ದೊರೆಗೆ ವಾರಸಾ ಕಾಣಿಕೆ ಮುಂದೆಂದೂ ಬರುವುದಿಲ್ಲ. ದಾಖಲೆ: ಆ ಸ್ಥಾಪನೆಯ ಕಥೆ, ಮತ್ತು ಮಠದವರು ತಮ್ಮ ದಾನಪತ್ರಗಳನ್ನು ನಕಲು ಮಾಡಿಟ್ಟ ಕೂಚರ್ ಬುಕ್. ಅದು ಅಚ್ಚಾಗಿದೆ, ಆದರೆ ಲ್ಯಾಟಿನ್‌ನಲ್ಲಿದೆ.

ಓದುವ ಕ್ರಮವನ್ನೂ ಬರೆದೆ. ಪ್ರತಿ ಪತ್ರದಲ್ಲಿ ಕೊಟ್ಟವರು ಯಾರು, ಪಡೆದವರು ಯಾರು ಅನ್ನೋದರ ಜೊತೆ ಹೊಲದಲ್ಲಿ ಇದ್ದವರು ಯಾರು ಅನ್ನೋ ಮೂರನೇ ಮನೆಯನ್ನೂ ಪಟ್ಟಿಯಲ್ಲಿ ಇಡುವುದು. ಪತ್ರದಲ್ಲಿ ದಾನ ಅಂತಿದ್ದೂ ಸನ್ಯಾಸಿಗಳು ಒಂದಿಷ್ಟು ಮಾರ್ಕ್ ಕೊಟ್ಟಿದ್ದರೆ ಅದನ್ನು ಬೇರೆ ಗುರುತು ಮಾಡುವುದು, ಅದು ಮಾರಾಟವೇ ಆಗಿರಬಹುದು. ದಾನಿಯ ಮಗ, ಮೊಮ್ಮಗ ಮತ್ತೆ ಮತ್ತೆ ‘ನಮ್ಮ ಹಕ್ಕು ಬಿಟ್ಟೆವು’ ಅಂತ ಬರೆದುಕೊಟ್ಟಿದ್ದರೆ ಅಲ್ಲಿ ತಂಟೆ ನಡೆದಿದೆ ಅಂತ ತಿಳಿಯುವುದು. ಮೂರನೇ ಮನೆ ಬಹಳ ಕಡೆ ಖಾಲಿ ಉಳಿಯುತ್ತದೆ ಅಂತಲೂ ಬರೆದೆ, ಯಾಕೆಂದರೆ ಈ ನಕಲು ಪುಸ್ತಕ ಮಾಡಿಸಿದ್ದೇ ಮಠ.

“ಗುರುವಾರ ಬಾ, ಖಾಲಿ ಮನೆಯಿಂದಲೇ ಶುರು ಮಾಡೋಣ” ಅಂತ ಉತ್ತರ ಬಂತು.

ಭಾನುವಾರ ನವನಗರಕ್ಕೆ ಫೋನ್ ಮಾಡಿ, ನಮ್ಮ ಹೊಲ ಲಾವಣಿಗೆ ಮಾಡಿದವರು ಯಾರು ಅಂತ ನಮ್ಮಜ್ಜಿಯನ್ನು ಕೇಳಿದೆ. ಗಂಡ, ಹೆಂಡತಿ, ನಾಲ್ಕು ಮಕ್ಕಳು, ಎಲ್ಲರ ಹೆಸರೂ ಅಜ್ಜಿ ಹೇಳಿದಳು, ಎತ್ತುಗಳ ಹೆಸರು ಸಮೇತ. “ಎಲ್ಲಿಗೆ ಹೋದ್ರಬೇ?” ಅಂದೆ.

“ಅದನ್ನ ಯಾರ್ ಕೇಳ್ಯಾರ ಮಗಳ,” ಅಂದಳು.